ಬನ್ನಿ ಹಬ್ಬಕ್ಕೆ ಮೊದಲು ಬರೆದ ಎರಡು ಸಾಲು

ನನ್ನ ಅಣ್ಣ ಸುಳ್ಳ ಎಂದು ಶಹಾಬಾದಿನಲ್ಲಿ ಇಂದಿಗೂ ನಂಬುವವರಿದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ಯಾವ ಸುಳ್ಳು, ಯಾರಿಗೆ ಹೇಳಿದ ಸುಳ್ಳು ಎಂಬುದು ಗೊತ್ತಿಲ್ಲ. ಉಳಿದರ್ಧಕ್ಕೆ ಕಂಪ್ಯೂಟರು ಎಂದರೆ ಏನೆಂದೇ ಆಗ ಗೊತ್ತಿರಲಿಲ್ಲ. ಆದರೂ ನಂಬಿದರು. ನಂಬುವುದಕ್ಕೆ ಏನು ಖರ್ಚು?

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿದ್ದ ಕಾಲ. ಸ್ಟೇಷನ್ ರಸ್ತೆಯಲ್ಲಿ ಅಣ್ಣನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇತ್ತು. ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ನಮ್ಮದು ಮಾಸ್ತರಿಕೆ, ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನ. ಅಪ್ಪನೂ ಮಾಸ್ತರ. ವ್ಯಾಪಾರ ಎಂದರೆ ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಣ್ಣನಿಗೆ ಎಲ್ಲರಿಗಿಂತ ಕಡಿಮೆ. ಕೆಲಸ ಮಾತ್ರ ಚೆನ್ನಾಗಿ ಮಾಡುತ್ತಿದ್ದ. ಅವನ ಪಕ್ಕದಲ್ಲಿ ಕುಳಿತು ನಾನೂ ಕಲಿತೆ. ಊರಿನ ಫರಸಿ, ಅಂದರೆ ನೆಲಹಾಸಿನ ಕಲ್ಲಿನ ವ್ಯಾಪಾರಿಗಳಿಗೆ ಆಗತಾನೆ ವೆಬ್‌ಸೈಟಿನ ಹುಚ್ಚು ಹತ್ತಿತ್ತು. ಒಬ್ಬರು ಮಾಡಿಸಿದರೆ ಇನ್ನೊಬ್ಬರಿಗೆ ನಿದ್ದೆ ಬರುತ್ತಿರಲಿಲ್ಲ.

ಮೊದಲು ಮಾಡಿಸಿದವರು ನಾವು ಕಾಕಾ ಎಂದು ಕರೆಯುತ್ತಿದ್ದವರು. ರಕ್ತಸಂಬಂಧವಿಲ್ಲ. ಅವರ ಮಕ್ಕಳಿಗೆ ಅಪ್ಪ ಪಾಠ ಹೇಳಿದ್ದ. ನಾವು ಅವರ ಮನೆಯ ಪಡಸಾಲೆಯಲ್ಲಿ ಆಡಿ ಬೆಳೆದವರು. ಕಾಕಾ ಮತ್ತು ಅವರ ತಮ್ಮ ಕೂಡಿಯೇ ಕಲ್ಲಿನ ವ್ಯಾಪಾರ ಮಾಡುತ್ತಿದ್ದರು. ಕಾಕಾನದು ಶಹಾಬಾದಿನ ಆಫೀಸು, ತಮ್ಮನದು ವಾಡಿಯ ಗೋದಾಮು. ಆಫೀಸು ಎಂದರೆ ಮನೆಯ ಕೆಳಗಿನ ಕೋಣೆ. ಗೋಡೆಗೆ ಬಸವಣ್ಣನ ಫೋಟೋ, ಅದರ ಕೆಳಗೆ ಕಂಪ್ಯೂಟರು. ಆ ಯಂತ್ರಕ್ಕೆ ಕಾಕು, ಅಂದರೆ ಕಾಕಾನ ಹೆಂಡತಿ, ದಿನಾ ಮುಂಜಾನೆ ವಿಭೂತಿ ಹಚ್ಚುತ್ತಿದ್ದಳು.

ಸೈಟು ಸಿದ್ಧವಾಗಿತ್ತು. ಆದರೆ ಕಾಕಾ ಮುಹೂರ್ತವಿಲ್ಲದೆ ಗುದ್ದಲಿಯನ್ನೂ ಎತ್ತುವವರಲ್ಲ. ಅಂಗಡಿ ಬಾಗಿಲು ತೆರೆಯುವುದಕ್ಕೆ ಹೇಗೆ ಗಳಿಗೆ ಬೇಕೋ ಸೈಟಿಗೂ ಹಾಗೆಯೇ ಬೇಕು ಎಂದರು. ಗಳಿಗೆ ದಸರೆಯ ಬನ್ನಿ ದಿನ ಗೊತ್ತಾಯಿತು. ಅದು ಇನ್ನೂ ವಾರದಾಚೆ. ಅಲ್ಲಿಯವರೆಗೆ ಪ್ರಪಂಚದ ಯಾರ ಕಣ್ಣಿಗೂ ಸೈಟು ಬೀಳಬಾರದು, ದೃಷ್ಟಿಯಾಗುತ್ತದೆ. ಆದರೆ ಅವರಿಗೆ ಮಾತ್ರ ಈಗಲೇ ಕಾಣಬೇಕು.

"ಮಂದಿಗಿ ತೋರ್ಸಬ್ಯಾಡ. ನನಗ ತೋರ್ಸು. ನನ್ನ ಮಷಿನ್ಯಾಗ, ನಮ್ಮ ಖರೆ ಹೆಸರು ಹೊಡದ್ರ ಬರಬೇಕು. ಆ ನಂಬರ್ ಗಿಂಬರ್ ಹೊಡಿಯೂದು ಬ್ಯಾಡ," ಎಂದರು ಕಾಕಾ.

ಅಣ್ಣ ನಕ್ಕ. ಇದಕ್ಕೊಂದು ದಾರಿಯಿದೆ ಎಂದು ಅವನಿಗೆ ಗೊತ್ತಿತ್ತು. ನಾನೂ ಅಂದು ಅವನ ಜೊತೆ ಇದ್ದೆ. ಮನೆಗೆ ಮರಳುವಾಗ ನನಗೆ ತಿಳಿಸಿ ಹೇಳಿದ.

ಯಾವುದೇ ಸೈಟಿನ ಹೆಸರು ಹೊಡೆದರೆ ಕಂಪ್ಯೂಟರಿಗೆ ಆ ಹೆಸರು ಸಾಕಾಗುವುದಿಲ್ಲ. ಅದಕ್ಕೆ ಬೇಕಾದದ್ದು ನಡುವೆ ಚುಕ್ಕೆಗಳಿಟ್ಟು ಬರೆದ ನಾಲ್ಕು ಸಂಖ್ಯೆಗಳ ವಿಳಾಸ. ಆ ವಿಳಾಸವನ್ನು ಅದು ಟೆಲಿಫೋನ್ ಲೈನಿನ ಆಚೆಗಿರುವ ಡಿಎನ್‌ಎಸ್ ಎಂಬ ಯಂತ್ರವನ್ನು ಕೇಳಿ ತಿಳಿದುಕೊಳ್ಳುತ್ತದೆ. ಆದರೆ ಹಾಗೆ ಕೇಳುವುದಕ್ಕೆ ಮೊದಲು ತನ್ನದೇ ಮನೆಯಲ್ಲಿ ಒಂದು ಸಣ್ಣ ಫೈಲು ನೋಡುತ್ತದೆ. ಆ ಫೈಲಿನ ಹೆಸರು ಹೋಸ್ಟ್ಸ್. ಅದರಲ್ಲಿ ವಿಳಾಸ ಸಿಕ್ಕರೆ ಮುಗಿಯಿತು, ಹೊರಗೆ ಯಾರನ್ನೂ ಕೇಳುವುದಿಲ್ಲ. ಮನೆಯ ಗೋಡೆಯ ಮೇಲೆ ಬರೆದಿಟ್ಟ ಫೋನ್ ನಂಬರು ಇದ್ದ ಹಾಗೆ. ನಂಬರು ಬದಲಾಗಿ ವರ್ಷವಾದರೂ ಗೋಡೆ ನೋಡಿಯೇ ತಿರುಗಿಸುವ ಮುದುಕರಿರುತ್ತಾರಲ್ಲ, ಹಾಗೆ.

ಅಣ್ಣ ಕಾಕಾನ ಕಂಪ್ಯೂಟರಿನ ಆ ಫೈಲಿನಲ್ಲಿ ಎರಡು ಸಾಲು ಬರೆದ. ಮೊದಲು ವಿಳಾಸದ ಅಂಕಿ, ಜಾಗ ಬಿಟ್ಟು ಸೈಟಿನ ಹೆಸರು. ಒಂದು ಸಾಲು ಡಬ್ಲ್ಯು ಡಬ್ಲ್ಯು ಡಬ್ಲ್ಯು ಇರುವ ಹೆಸರಿಗೆ, ಇನ್ನೊಂದು ಅದಿಲ್ಲದ ಹೆಸರಿಗೆ. ಅಷ್ಟೇ. ಪ್ರಪಂಚಕ್ಕೆಲ್ಲ "ಶೀಘ್ರದಲ್ಲೇ" ಎಂಬ ಖಾಲಿ ಹಾಳೆ, ಕಾಕಾನಿಗೆ ಮಾತ್ರ ಇಡೀ ಸೈಟು. ಕಾಕಾ ಹೆಂಡತಿಯನ್ನು ಅಡುಗೆಮನೆಯಿಂದ ಕರೆದರು. ಕಾಕು ಹಿಟ್ಟಿನ ಕೈಯಲ್ಲೇ ಬಂದು ನಿಂತು ನೋಡಿದಳು. ಮೊದಲ ಪುಟದಲ್ಲೇ ಅಣ್ಣತಮ್ಮಂದಿರ ಫೋಟೋ, ಪಾಲಿಶ್ ಮಾಡಿದ ಕಲ್ಲಿನ ಒಟ್ಟಿಲಿನ ಮುಂದೆ ಹೆಗಲ ಮೇಲೆ ಕೈ ಹಾಕಿ ನಿಂತದ್ದು.

"ರಾಮ ಲಕ್ಷ್ಮಣ ನಿಂತಂಗ ಕಾಣ್ತದ ನೋಡ್ರಿ," ಎಂದಳು ಕಾಕು. ಕಾಕಾನಿಗೆ ಖುಷಿಯಾಗಿ ನಮಗೆ ಚಹಾ ಎರಡು ಸಲ ಬಂತು.

ಬನ್ನಿ ದಿನ ಹೆಸರನ್ನು ಪ್ರಪಂಚಕ್ಕೆ ತೆರೆದದ್ದಾಯಿತು. ಕೀಬೋರ್ಡಿನ ಮೇಲೆ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಎಲ್ಲರೂ ಎಲ್ಲರ ಕಾಲಿಗೆ ಬಿದ್ದರು. ಆ ಎರಡು ಸಾಲುಗಳನ್ನು ಅಳಿಸುವುದನ್ನು ಅಣ್ಣ ಮರೆತ. ಮರೆತದ್ದರಿಂದ ಆಗ ಏನೂ ತೊಂದರೆಯಾಗಲಿಲ್ಲ. ಫೈಲಿನಲ್ಲಿದ್ದ ವಿಳಾಸವೂ ಡಿಎನ್‌ಎಸ್ ಹೇಳುತ್ತಿದ್ದ ವಿಳಾಸವೂ ಒಂದೇ ಆಗಿತ್ತು. ಎರಡು ವರ್ಷ ಆ ಸಾಲುಗಳು ಅಲ್ಲೇ ಬಿದ್ದಿದ್ದವು, ಯಾರ ಕಾಲಿಗೂ ತೊಡರಲಿಲ್ಲ.

ಆಮೇಲೆ ರಾಮ ಲಕ್ಷ್ಮಣರು ಪಾಲಾದರು. ಯಾಕೆ ಎಂದು ನಾನು ಬರೆಯುವುದಿಲ್ಲ, ನನಗೆ ಪೂರಾ ಗೊತ್ತೂ ಇಲ್ಲ. ಹೊರಗಿನವರಿಗೆ ಹೇಳುವ ಕಾರಣ ಒಂದಿತ್ತು, ಒಳಗಿನದು ಬೇರೆ ಇತ್ತು. ಇಬ್ಬರಿಗೂ ಸೋದರಮಾವನಾದ ಚಿತ್ತಾಪುರದ ಬಟ್ಟೆ ವ್ಯಾಪಾರಿಯೊಬ್ಬರು ನಡುವೆ ಕುಳಿತು ಹಿಸ್ಸೆ ಮಾಡಿದರು. ಅಂಗಡಿಯ ಹೆಸರು, ಶಹಾಬಾದಿನ ಆಫೀಸು, ಸೈಟು ಕಾಕಾನಿಗೆ. ವಾಡಿಯ ಗೋದಾಮು, ಸೇಡಂ ಕಡೆಯ ಖಣಿ ತಮ್ಮನಿಗೆ. ಇನ್ನು ಮೇಲೆ ಒಬ್ಬರ ಬೋರ್ಡಿನ ಮೇಲೆ ಇನ್ನೊಬ್ಬರ ಹೆಸರು, ಮುಖ ಇರಬಾರದು. ಅದಾದ ಮೇಲೆ ಗೋದಾಮಿನ ಕೀಲಿ ತಮ್ಮನ ಕೈಗೆ ಬರಬೇಕು. ಇದು ಮಾವನ ತೀರ್ಮಾನ.

ಕಾಕಾ ಅಣ್ಣನನ್ನು ಕರೆಸಿದರು. "ಅಂವನ ಫೋಟೋ ತೆಗಿ. ಅಷ್ಟ ಅಲ್ಲ, ಸೈಟ್ ಇಟ್ಟ ಜಾಗ ಅಂವನ ಹೆಸರಿನ್ಯಾಗ ಅದಲ್ಲ, ಆ ಜಾಗನೂ ಬ್ಯಾಡ. ಅಂವನ ಜಾಗದಾಗ ನನ್ನ ಅಂಗಡಿ ಯಾಕ ಇರಬೇಕು?"

ಅದು ನಿಜವಾಗಿತ್ತು. ಸೈಟನ್ನು ಇಟ್ಟಿದ್ದ ಸರ್ವರಿನ ಜಾಗವನ್ನು ಮೊದಲು ತಮ್ಮನ ಹೆಸರಿನಲ್ಲಿ ಕೊಂಡಿದ್ದರು. ಅಣ್ಣ ಬೇರೆ ಕಂಪನಿಯಲ್ಲಿ ಕಾಕಾನ ಹೆಸರಿನಲ್ಲಿ ಹೊಸ ಜಾಗ ತೆಗೆದ, ಹೊಸ ಪುಟ ಮಾಡಿದ. ತಮ್ಮನ ಫೋಟೋ ಇಲ್ಲ, ಹೆಸರಿಲ್ಲ, ಕಾಕಾ ಒಬ್ಬರೇ ಕುರ್ಚಿಯಲ್ಲಿ ಕುಳಿತ ಚಿತ್ರ. ಡಿಎನ್‌ಎಸ್‌ನಲ್ಲಿ ಸೈಟಿನ ಹೆಸರನ್ನು ಹೊಸ ವಿಳಾಸಕ್ಕೆ ತಿರುಗಿಸಿದ. ಹಳೆಯ ಜಾಗದ ಅವಧಿ ಇನ್ನೂ ಕೆಲವು ತಿಂಗಳು ಇತ್ತು, ಅದರಲ್ಲಿದ್ದ ಹಳೆಯ ಪುಟವನ್ನು ತೆಗೆಯುವ ಹಕ್ಕು ತಮ್ಮನಿಗೆ ಮಾತ್ರ. ಇರಲಿ ಬಿಡು, ಹೆಸರೇ ಈ ಕಡೆ ತಿರುಗಿದ ಮೇಲೆ ಅಲ್ಲಿಗೆ ಹೋಗುವವರು ಯಾರು ಎಂದುಕೊಂಡ.

ಹೋಗುವವರು ಒಬ್ಬರಿದ್ದರು. ಇಡೀ ಪ್ರಪಂಚದಲ್ಲಿ ಒಂದೇ ಒಂದು ಕಂಪ್ಯೂಟರು, ಬಸವಣ್ಣನ ಫೋಟೋದ ಕೆಳಗಿನದು.

ಮರುದಿನ ಕಾಕಾನ ಫೋನು. "ಇನ್ನೂ ಅಂವನ ಮಾರಿನೇ ಕಾಣ್ಲಿಕತ್ತದಲ್ಲೋ."

"ಒಂದೆರಡು ದಿನ ತಡೀರಿ ಕಾಕಾ. ಹೊಸ ವಿಳಾಸ ಎಲ್ಲಾ ಕಡಿ ಮುಟ್ಟಲಿಕ್ಕ ಟೈಮ್ ಹಿಡೀತದ," ಎಂದ ಅಣ್ಣ.

ಈ ಮಾತು ಶುದ್ಧ ಸತ್ಯ. ವಿಳಾಸ ಬದಲಾದದ್ದು ಎಲ್ಲ ಕಡೆಯ ಡಿಎನ್‌ಎಸ್‌ಗೂ ತಿಳಿಯಲು ಎರಡು ದಿನ ಹಿಡಿಯುವುದುಂಟು. ಕೆಟ್ಟ ಕಾಲದಲ್ಲಿ ಸತ್ಯವೇ ಮೊದಲು ಕೈ ಕೊಡುತ್ತದೆ. ಎರಡು ದಿನ ಕಳೆಯಿತು, ನಾಲ್ಕು ದಿನ ಕಳೆಯಿತು, ಕಾಕಾನ ಪರದೆಯ ಮೇಲೆ ತಮ್ಮ ಹಾಗೆಯೇ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದ. ಅಣ್ಣ ಫೋನಿನಲ್ಲೇ ಹೇಳಿ ಬ್ರೌಸರಿನ ಹಳೆಯ ಫೈಲುಗಳನ್ನು ಅಳಿಸಿಸಿದ, ಕಂಟ್ರೋಲ್ ಹಿಡಿದು ಎಫ್ ಐದು ಒತ್ತಿಸಿದ. ಏನೂ ಆಗಲಿಲ್ಲ. ಆಗುವುದು ಹೇಗೆ? ಬ್ರೌಸರು ಹಳೆಯದನ್ನು ನೆನಪಿಟ್ಟುಕೊಂಡು ತೋರಿಸುತ್ತಿರಲಿಲ್ಲ. ಪ್ರತಿ ಸಲವೂ ಹಳೆಯ ಸರ್ವರಿಗೆ ಹೋಗಿ ಹೊಸದಾಗಿ ತಂದು ತೋರಿಸುತ್ತಿತ್ತು.

ಅಣ್ಣ ನಮ್ಮ ಅಂಗಡಿಯಲ್ಲಿ ನೋಡಿದರೆ ಹೊಸ ಪುಟ. ವಾಡಿಯಲ್ಲಿ ಕಾಕಾನ ತಮ್ಮ ಸ್ಟೇಷನ್ನಿನ ಎದುರಿನ ಸೈಬರ್ ಕೆಫೆಗೆ ಹೋಗಿ ನೋಡಿದರೆ ಅಲ್ಲೂ ಹೊಸ ಪುಟ. ತನ್ನ ಮುಖ ಹೋಯಿತೆಂದು ಖಾತ್ರಿ ಮಾಡಿಕೊಂಡು ಅವನು ಮಾವನಿಗೆ ಫೋನು ಮಾಡಿದ: ಫೋಟೋ ಹೋಗ್ಯಾದ, ಕೀಲಿ ಕೊಡಸ್ರಿ. ಕಾಕಾ ಇತ್ತ ಮಾವನಿಗೆ ಹೇಳಿದರು: ಫೋಟೋ ಹೋಗಿಲ್ಲ, ನನ್ನ ಕಣ್ಣಾರೆ ನೋಡ್ಲಿಕತ್ತೀನಿ, ಕೀಲಿ ಕೊಡಂಗಿಲ್ಲ. ಇಬ್ಬರೂ ತಮ್ಮ ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳಿದರು. ಇಬ್ಬರೂ ಇನ್ನೊಬ್ಬನನ್ನು ಸುಳ್ಳ ಎಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಎರಡು ಮನೆಯಲ್ಲೂ ಎಲ್ಲರ ಬಾಯಲ್ಲಿತ್ತು, ಬೇರೆಯವರಿಗೆ ಹೇಳಲಿಕ್ಕೆ.

ವಾಡಿಗೆ ಹೋಗಿ ಅಲ್ಲಿ ಹೇಗೆ ಕಾಣುತ್ತದೆ ನೋಡಿ ಬನ್ನಿ ಎಂದು ಅಣ್ಣ ಕಾಕಾನಿಗೆ ಕೈ ಮುಗಿದ. ರೈಲಿನಲ್ಲಿ ಕುಳಿತರೆ ಚಹಾ ಆರುವುದರೊಳಗೆ ಬರುವ ಊರು. ಕಾಕಾ ಹೋಗಲಿಲ್ಲ.

"ಅಂವನ ಊರಿಗಿ ಹೋಗಿ ಅಂವ ತೋರ್ಸಿದ್ದು ನೋಡಬೇಕಾ? ನನ್ನ ಆಫೀಸನ್ಯಾಗ ನನ್ನ ಮಷಿನ್ ತೋರ್ಸಿದ್ದು ನಾ ನಂಬ್ತೀನಿ. ಅದೇನು ನನಗ ಸುಳ್ಳ ಹೇಳ್ತದೇನು?"

ನಮ್ಮ ಅಂಗಡಿಗೂ ಬರಲಿಲ್ಲ. ಏಕೆಂದರೆ ಅಷ್ಟರಲ್ಲಿ ಅವರಿಗೆ ಒಂದು ಉತ್ತರ ಹೊಳೆದಿತ್ತು, ಉತ್ತರ ಹೊಳೆದವರಿಗೆ ನೋಡುವ ಕೆಲಸ ಉಳಿಯುವುದಿಲ್ಲ. ಅಣ್ಣ ಎರಡೂ ಕಡೆ ಕೈ ಹಾಕಿದ್ದಾನೆ ಎಂಬುದು ಆ ಉತ್ತರ. ತಮ್ಮ ಹೇಳಿದಂತೆ ಕೇಳಿ ಗಿರಾಕಿಗಳಿಗೆ ತಮ್ಮನ ಮುಖ ತೋರಿಸುತ್ತಾ, ತಮ್ಮನಿಗೆ ಬೇಕಾದಾಗ ವಾಡಿಯಲ್ಲಿ ಮುಖ ಇಲ್ಲದ ಪುಟ ತೋರಿಸುತ್ತಾ ಆಟ ಆಡುತ್ತಿದ್ದಾನೆ. ಊರಿಗೆ ಈ ಮಾತು ಬಹಳ ಇಷ್ಟವಾಯಿತು. ಹೋಟೆಲಿನಲ್ಲಿ ಸುಸಲಾ ತಿನ್ನುವವರ ಬಾಯಲ್ಲೂ ಅದೇ. ಅಣ್ಣನನ್ನು ಆಫೀಸಿನ ಹೊಸ್ತಿಲು ತುಳಿಯಬೇಡ ಎಂದು ಕಾಕಾ ಹೇಳಿ ಕಳಿಸಿದರು. ಆ ಯಂತ್ರವನ್ನು ಒಮ್ಮೆ ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು, ಅದನ್ನೇ ಮುಟ್ಟಗೊಡಲಿಲ್ಲ. ಇನ್ನಿಬ್ಬರು ವ್ಯಾಪಾರಿಗಳು ತಂತಮ್ಮ ಸೈಟಿನ ಪಾಸ್‌ವರ್ಡು ಕೊಡು ಎಂದು ಅಂಗಡಿಗೆ ಬಂದು ನಿಂತರು. ಅಣ್ಣ ಕೊಟ್ಟ, ಆಮೇಲೆ ಷಟರು ಎಳೆದು ಒಳಗೆ ಕುಳಿತ. ಅಪ್ಪ ದೇವಸ್ಥಾನಕ್ಕೆ ಹೋಗುವುದನ್ನು ನಿಲ್ಲಿಸಿದ, ಅಲ್ಲಿ ಯಾರಾದರೂ ಕೇಳುತ್ತಾರೆ ಎಂದು.

ನಾನು ನೇರ ಕಾಕಾನ ಮನೆಗೆ ಹೋದೆ. ಹೆಣ್ಣುಮಗಳು ಎಂದು ನನ್ನನ್ನು ತಡೆಯಲಿಲ್ಲ. ಕಾಕಾ ಗಾದಿಯ ಮೇಲೆ, ಚಿತ್ತಾಪುರದ ಮಾವ ಕುರ್ಚಿಯ ಮೇಲೆ. ಮಾವ ಅದೇ ಪರದೆಯನ್ನು ನೋಡಿ ಮುಗಿಸಿದ್ದರು. ತಮ್ಮನ ನಗು ಅವರಿಗೂ ಕಂಡಿತ್ತು.

"ಬಾರವ್ವ. ನೀ ಯಾಕ ಬಂದಿ? ನಿಮ್ಮಣ್ಣಗ ಮಾರಿ ಇಲ್ಲೇನು?" ಎಂದರು ಕಾಕಾ.

"ನೀವ ಬರಬ್ಯಾಡ ಅಂದೀರಿ, ಅದಕ್ಕ ನಾ ಬಂದೀನಿ. ಒಂದ್ ಸಲ ನೋಡ್ಲಿಕ್ಕ ಕೊಡ್ರಿ ಕಾಕಾ."

ಮಾವ "ನೋಡಲಿ ಬಿಡು" ಎಂದರು. ನಾನು ಕುಳಿತೆ. ಲೈನು ಹಚ್ಚಿದೆ, ಮೋಡೆಮ್ಮು ಕಿರುಗುಟ್ಟಿ ಒಳಗೆ ಹೋಯಿತು. ಕಪ್ಪು ಕಿಟಕಿ ತೆರೆದು ಪಿಂಗ್ ಎಂದು ಬರೆದು ಸೈಟಿನ ಹೆಸರು ಹೊಡೆದೆ. ಪಿಂಗ್ ಕೊಟ್ಟರೆ ಯಂತ್ರ ತಾನು ಯಾವ ವಿಳಾಸಕ್ಕೆ ಹೊರಟಿದ್ದೇನೆಂದು ಮೊದಲ ಸಾಲಿನಲ್ಲೇ ಹೇಳುತ್ತದೆ, ಆ ಕಡೆಯಿಂದ ಉತ್ತರ ಬರಲಿ ಬಿಡಲಿ. ಬಂದದ್ದು ಹಳೆಯ ವಿಳಾಸ. ಆಮೇಲೆ ಎನ್‌ಎಸ್‌ಲುಕಪ್ ಎಂದು ಬರೆದು ಅದೇ ಹೆಸರು ಕೊಟ್ಟೆ. ಇದು ಮನೆಯ ಫೈಲನ್ನು ನೋಡುವುದಿಲ್ಲ, ನೇರ ಡಿಎನ್‌ಎಸ್‌ಗೆ ಹೋಗಿ ಕೇಳುತ್ತದೆ. ಬಂದದ್ದು ಹೊಸ ವಿಳಾಸ. ಹೊರಗಿನವರು ಸರಿಯಾಗಿಯೇ ಹೇಳುತ್ತಿದ್ದಾರೆ, ಯಂತ್ರ ಹೊರಗಿನವರನ್ನು ಕೇಳುತ್ತಲೇ ಇಲ್ಲ. ಬನ್ನಿ ಹಬ್ಬದ ಮುಂಚಿನ ಚಹಾ ನೆನಪಾಯಿತು.

ನೋಟ್‌ಪ್ಯಾಡ್ ತೆರೆದೆ. ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್ ಮೂವತ್ತೆರಡು, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ಮೊದಲು ಖಾಲಿ ಕಂಡಿತು, ಏಕೆಂದರೆ ನೋಟ್‌ಪ್ಯಾಡು ಟಿಎಕ್ಸ್‌ಟಿ ಬಾಲವಿರುವ ಫೈಲುಗಳನ್ನಷ್ಟೇ ತೋರಿಸುತ್ತದೆ, ಹೋಸ್ಟ್ಸ್ ಫೈಲಿಗೆ ಬಾಲವೇ ಇಲ್ಲ. ಎಲ್ಲ ಫೈಲು ತೋರಿಸು ಎಂದೆ. ಬಂತು, ತೆರೆದೆ. ಮೇಲೆ ಕಂಪನಿಯವರೇ ಬರೆದ ವಿವರಣೆ, ಅದರ ಕೆಳಗೆ ಲೋಕಲ್‌ಹೋಸ್ಟ್ ಎಂಬ ಸಾಲು. ಅದು ಯಂತ್ರ ತನ್ನನ್ನು ತಾನು ಕರೆದುಕೊಳ್ಳುವ ಹೆಸರು, ಅದನ್ನು ಮುಟ್ಟಬಾರದು. ಅದರ ಕೆಳಗೆ ಅಣ್ಣ ಬರೆದ ಎರಡು ಸಾಲು. ಹಳೆಯ ವಿಳಾಸ, ಕಾಕಾನ ಸೈಟಿನ ಹೆಸರು.

"ಇದ ನೋಡ್ರಿ. ಇದು ಹೇಳ್ಲಿಕತ್ತದ, ಹಳೀ ಜಾಗಕ್ಕ ಹೋಗು ಅಂತ. ಬ್ಯಾರೆ ಯಾರ ಮಷಿನ್ಯಾಗೂ ಇದು ಇಲ್ಲ, ಅದಕ್ಕ ಎಲ್ಲಾರಿಗೂ ಹೊಸಾದು ಕಾಣ್ತದ," ಎಂದೆ.

ಮಾವ ಕನ್ನಡಕ ಏರಿಸಿ ಬಗ್ಗಿದರು. "ಹಂಗಾದ್ರ ತೆಗಿ ಮತ್ತ."

ಎರಡು ಸಾಲನ್ನೂ ಅಳಿಸಿದೆ. ಸೇವ್ ಮಾಡಿದೆ. ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಬರೆದು ಫ್ಲಶ್‌ಡಿಎನ್‌ಎಸ್ ಕೊಟ್ಟು ಯಂತ್ರ ನೆನಪಿಟ್ಟುಕೊಂಡಿದ್ದ ವಿಳಾಸಗಳನ್ನು ಚೊಕ್ಕ ಮಾಡಿದೆ. ಬ್ರೌಸರನ್ನು ಪೂರಾ ಮುಚ್ಚಿ ಮತ್ತೆ ತೆರೆದು ಹೆಸರು ಹೊಡೆದೆ. ಆ ಕಾಲದ ಲೈನು ಗೊತ್ತಲ್ಲ, ಫೋಟೋ ಮೇಲಿನಿಂದ ಇಷ್ಟಿಷ್ಟೇ ಇಳಿದು ಬರುತ್ತದೆ. ಮೊದಲು ಗೋಡೆ, ಆಮೇಲೆ ಕಾಕಾನ ತಲೆಯ ಪಟಗಾ, ಕಾಕಾನ ಮೀಸೆ, ಕುರ್ಚಿ. ಪಕ್ಕದಲ್ಲಿ ಯಾರೂ ಇಲ್ಲ. ತಮ್ಮ ಹೋಗಿದ್ದ.

ನಾನು ಗೆದ್ದೆ ಎಂದುಕೊಂಡೆ. ಎದ್ದು ನಿಂತು ಅಣ್ಣನನ್ನು ಈಗಲೇ ಕರೆತರುತ್ತೇನೆ ಎನ್ನುವವಳಿದ್ದೆ. ಕಾಕಾ ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಸಾವಕಾಶವಾಗಿ ಕೇಳಿದರು.

"ಆ ಎರಡು ಸಾಲ ಬರದವರು ಯಾರು?"

"ಅಣ್ಣನೇ ಕಾಕಾ. ನೀವೇ ಹೇಳಿದ್ರಲ್ಲ, ಬನ್ನಿ ಹಬ್ಬಕ್ಕಿಂತ ಮೊದಲ ನಿಮಗೊಬ್ಬರಿಗೇ ತೋರ್ಸು ಅಂತ. ಆವಾಗ ಬರದದ್ದು. ತೆಗೀಲಿಕ್ಕ ಮರ್ತಾನ, ಅಷ್ಟ."

"ನಾ ಹೇಳಿದ್ನಾ?" ಕಾಕಾ ಮಾವನ ಕಡೆ ತಿರುಗಿದರು. "ಕೇಳಿದ್ರಿಲ್ಲ ಮಾವಾ? ಈಕಿ ಬಾಯಿಲೇ ಬಂತು. ನಿಮ್ಮಣ್ಣನೇ ಬರದಾನ."

"ಎರಡು ವರ್ಷದ ಹಿಂದ ಬರದದ್ದರಿ! ಪಾಲ ಆಗೋಕಿಂತ ಮೊದಲ!"

"ಎಲ್ಲಿ ಅದ ತಾರೀಖು? ತೋರ್ಸು," ಎಂದರು ಮಾವ. ನ್ಯಾಯವಾದ ಪ್ರಶ್ನೆಯೇ. ನಾನು ಹುರುಪಿನಿಂದ ಆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ವಿವರ ತೆರೆದೆ. ಕೊನೆಯ ಸಲ ತಿದ್ದಿದ ದಿನ ಎಂದು ಅಲ್ಲಿ ಬರೆದಿತ್ತು. ಇವತ್ತಿನ ತಾರೀಖು, ಈಗಿನ ಹೊತ್ತು.

ಆಗಬೇಕಾದದ್ದೇ ಅದು. ನಾನು ಆಗತಾನೆ ಅಳಿಸಿ ಸೇವ್ ಮಾಡಿದ್ದೆ. ಸೇವ್ ಮಾಡಿದ ಕ್ಷಣ ಹಳೆಯ ತಾರೀಖು ಹೋಗಿ ಹೊಸದು ಕೂತಿತ್ತು. ಸರಿಪಡಿಸಿದ ಕೈಯೇ ಸಾಕ್ಷಿ ಒರೆಸಿತ್ತು. ಆ ಎರಡು ಸಾಲು ದಸರೆಯಿಂದ ಅಲ್ಲಿದ್ದವು ಎಂದು ತೋರಿಸಲು ಭೂಮಿಯ ಮೇಲೆ ಏನೂ ಉಳಿದಿರಲಿಲ್ಲ. ತಪ್ಪು ಮಾಡಿದೆ ಎಂದು ನಾನು ಹೇಳುವುದಿಲ್ಲ. ತೆಗಿ ಎಂದರು, ತೆಗೆದೆ. ಮೈಯಲ್ಲಿ ಮುಳ್ಳಿದ್ದರೆ ಮೊದಲು ಮುಳ್ಳು ಕೀಳುತ್ತಾರೋ ಯಾವ ಜಾಲಿಯ ಮುಳ್ಳು ಎಂದು ಪಂಚನಾಮೆ ಬರೆಯುತ್ತಾರೋ?

ನಾನು ವಿವರಿಸಲು ಶುರು ಮಾಡಿದೆ. ಸೇವ್ ಎಂದರೆ ಏನು, ತಾರೀಖು ಹೇಗೆ ಬದಲಾಗುತ್ತದೆ, ಎಲ್ಲ. ಆರೋಪ ಒಂದು ಮಾತಿನಲ್ಲಿ ಮುಗಿಯುತ್ತದೆ, ಉತ್ತರಕ್ಕೆ ಇಪ್ಪತ್ತು ಮಾತು ಬೇಕು, ಮೂರನೆಯ ಮಾತಿಗೆ ಕೇಳುವವನು ಆಕಳಿಸುತ್ತಾನೆ. ಮಾವ ಕೈ ಎತ್ತಿ ನಿಲ್ಲಿಸಿದರು.

"ಅಲ್ಲವ್ವ ತಂಗಿ, ಒಂದ ಮಾತು. ಊರಾಗ ಯಾರಿಗೂ ತಿಳೀದ ಜಾಗ. ಫೋಲ್ಡರಿನ್ಯಾಗ ಫೋಲ್ಡರ್, ಅದರಾಗ ಮತ್ತೊಂದು. ನೀ ಬಂದು ಕುಂತಿ, ನೆಟ್ಟಗ ಹೋಗಿ ಕೈ ಇಟ್ಟಿ. ಇಟ್ಟವರಿಗೇ ಗೊತ್ತಿರ್ತದ, ಎಲ್ಲಿ ಇಟ್ಟೀವಿ ಅಂತ."

ಬಾಗಿಲ ಕಡೆ ನೋಡಿದೆ. ಕಾಕು ಅಲ್ಲೇ ನಿಂತಿದ್ದಳು, ಮೊದಲಿನಿಂದಲೂ ಕೇಳುತ್ತಿದ್ದಳು. ಹಬ್ಬಕ್ಕೆ ಮೊದಲು ಹಿಟ್ಟಿನ ಕೈಯಲ್ಲಿ ಬಂದು ಸೈಟು ನೋಡಿದವಳು, ರಾಮ ಲಕ್ಷ್ಮಣ ಎಂದವಳು ಅವಳೇ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಕಾಕು, ನಿಮಗ ನೆನಪದ ಅಲ್ರಿ? ಹಬ್ಬ ಇನ್ನಾ ಬಂದಿದ್ದಿಲ್ಲ, ನೀವು ಇಲ್ಲೇ ನಿಂತು ನೋಡಿದ್ರಿ."

ಕಾಕು ಗಂಡನ ಮುಖ ನೋಡಿದಳು. ಸೆರಗು ಸರಿ ಮಾಡಿಕೊಂಡಳು. "ನನಗೇನು ತಿಳೀತದವ್ವ ಅದರಾಗ," ಎಂದು ಒಳಗೆ ಹೋದಳು. ಆಮೇಲೆ ಒಗ್ಗರಣೆ ಅವಲಕ್ಕಿ ಕಳಿಸಿದಳು. ನಾನು ಮುಟ್ಟಲಿಲ್ಲ. ಆ ತಾಟು ಕಂಪ್ಯೂಟರಿನ ಪಕ್ಕದಲ್ಲೇ ಆರಿತು. ಅವಳ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಕಾಕಾನ ಮೇಲೆ ಇರುವುದಕ್ಕಿಂತ ಹೆಚ್ಚು. ಕಾಕಾ ಮರೆತಿದ್ದರೋ ಮರೆತಂತೆ ಮಾಡಿದರೋ ಗೊತ್ತಿಲ್ಲ. ಅವಳು ಮರೆತಿರಲಿಲ್ಲ.

ಗೋದಾಮಿನ ಕೀಲಿ ಅವತ್ತೇ ಸಂಜೆ ತಮ್ಮನಿಗೆ ಹೋಯಿತು. ಫೋಟೋ ಹೋಯಿತಲ್ಲ, ಕರಾರು ಮುಗಿಯಿತು. ಅಣ್ಣತಮ್ಮಂದಿರ ಕೆಲಸವಾಯಿತು, ಮಾವನ ಮರ್ಯಾದೆ ಉಳಿಯಿತು. ಕೋಣಗಳೆರಡೂ ತಮ್ಮ ತಮ್ಮ ಕೊಟ್ಟಿಗೆಗೆ ಹೋದವು, ತುಳಿತಕ್ಕೆ ಸಿಕ್ಕ ಗಿಡದ ಕಡೆ ಯಾರೂ ತಿರುಗಿ ನೋಡಲಿಲ್ಲ.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಹಣೆ ಹಣೆ ಬಡಿದುಕೊಂಡ, ಮರೆತದ್ದಕ್ಕೆ. ಆಮೇಲೆ, "ನೀ ಖರೇನೇ ಹೇಳಿದಿ ಬಿಡು" ಎಂದ. ನಾನೇ ಹೋಗಿ ಊರಿಗೆಲ್ಲ ಬಿಡಿಸಿ ಹೇಳುತ್ತೇನೆಂದು ಕುಣಿದೆ. ಬೇಡ ಎಂದ. ಒಂದು ಹೋಸ್ಟ್ಸ್ ಫೈಲು ಎಂದರೆ ಏನೆಂದು ಊರಿನ ಕಟ್ಟೆಕಟ್ಟೆಗೂ ಹೋಗಿ ಪಾಠ ಮಾಡುವುದು ಹೇಗೆ? ಮಾಡಿದರೂ ಕೊನೆಗೆ ಅವರು ಕೇಳುವುದು ಅದೇ ಪ್ರಶ್ನೆ: ಬರೆದವರು ಯಾರು? ಉತ್ತರವೂ ಅದೇ.

ಅಂಗಡಿ ಮುಚ್ಚಿತು. ಅಣ್ಣ ವಾಡಿಯ ಹತ್ತಿರದ ಒಂದು ಸಿಮೆಂಟ್ ಫ್ಯಾಕ್ಟರಿಯ ತೂಕದ ಕಾಂಟಾದಲ್ಲಿ ಕೆಲಸಕ್ಕೆ ಸೇರಿದ. ಲಾರಿ ಬರುತ್ತದೆ, ತೂಕ ಪರದೆಯ ಮೇಲೆ ಬೀಳುತ್ತದೆ, ಚೀಟಿ ಮುದ್ರಿಸಿ ಕೊಡುತ್ತಾನೆ. ಮತ್ತೆ ಒಂದು ಸೈಟನ್ನೂ ಮಾಡಲಿಲ್ಲ. ನನಗೆ ಚಿಂಚೋಳಿಯಾಚೆ ಕುಂಚಾವರಂ ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕಾಡು, ಅರ್ಧ ತೆಲುಗು. ನನ್ನ ಅಣ್ಣ ಯಾರೆಂದು ಯಾರೂ ಕೇಳುವುದಿಲ್ಲ. ಅದೊಂದು ಸುಖ. ಶಾಲೆಗೆ ಬಂದ ಹಳೆಯ ಕಂಪ್ಯೂಟರುಗಳಲ್ಲಿ ಯಾವುದಾದರೂ ಸೈಟು ಒಂದೇ ಯಂತ್ರದಲ್ಲಿ ಬೇರೆಯಾಗಿ ಕಂಡರೆ ಈಗಲೂ ಪಿಂಗ್ ಕೊಟ್ಟು, ಎನ್‌ಎಸ್‌ಲುಕಪ್ ಕೊಟ್ಟು ನೋಡುತ್ತೇನೆ. ಎರಡು ಉತ್ತರ ಬೇರೆ ಬಂದರೆ ಆ ಫೈಲು ತೆರೆಯುತ್ತೇನೆ. ಆದರೆ ಮುಟ್ಟುವ ಮೊದಲು ಅದರದೊಂದು ನಕಲು ತೆಗೆದಿಡುತ್ತೇನೆ, ತಾರೀಖಿನ ಸಮೇತ ಪರದೆಯ ಚಿತ್ರವನ್ನೂ. ಜೊತೆಯ ಮೇಡಂ ನಗುತ್ತಾರೆ, ಇಷ್ಟಕ್ಕೆ ಇಷ್ಟೆಲ್ಲ ಯಾಕೆ ಎಂದು. ನಗಲಿ.

ಕೆಲವು ವರ್ಷಗಳ ಮೇಲೆ ಕಾಕಾನ ಮಗಳ ಮದುವೆ ಸೇಡಂನಲ್ಲಾಯಿತು. ನಮ್ಮ ಮನೆಗೂ ಕಾರ್ಡು ಬಂತು. ನಾನು ಹೋಗುವುದಿಲ್ಲ ಎಂದೆ. ಅಪ್ಪ, "ನಾ ಪಾಠ ಹೇಳಿದ ಹುಡುಗಿ ಅಕಿ" ಎಂದ. ಹೋದೆವು. ಅಣ್ಣನೂ ಬಂದ.

ಮಂಟಪದ ಬಾಗಿಲಲ್ಲೇ ಕಾಕಾ ಮತ್ತು ಅವರ ತಮ್ಮ ನಿಂತಿದ್ದರು, ಒಬ್ಬರ ಹೆಗಲ ಮೇಲೆ ಒಬ್ಬರ ಕೈ, ಅದೇ ಫೋಟೋದ ಹಾಗೆ. ರಾಜಿಯಾಗಿದ್ದರು. ಸಂತೋಷ. ಹೇಗಾಯಿತು ಎಂದು ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತ ವಾಡಿಯ ಹೆಂಗಸೊಬ್ಬಳು ನಾನು ಯಾರೆಂದು ತಿಳಿಯದೆ ಹೇಳಿದಳು.

"ಅಣ್ಣತಮ್ಮರದು ಏನೂ ತಪ್ಪಿದ್ದಿಲ್ಲ ಬಿಡ್ರಿ. ನಡುವ ಒಬ್ಬ ಕಂಪ್ಯೂಟರದಂವ ಇದ್ದನಂತ. ಅಣ್ಣಗೊಂದು ತೋರ್ಸಿ, ತಮ್ಮಗೊಂದು ತೋರ್ಸಿ ಜಗಳ ಹಚ್ಚಿದ. ಆಮ್ಯಾಲ ಇಬ್ಬರೂ ಕುಂತು ಮಾತಾಡಿದಾಗ ಗೊತ್ತಾತು, ಎಲ್ಲಾ ಅಂವಂದೇ ಕಿತಾಪತಿ ಅಂತ. ಅವತ್ತೇ ಒಂದಾದ್ರು ನೋಡ್ರಿ."

ಒಂದಾಗಲು ಅವರಿಗೆ ಒಬ್ಬ ಕಳ್ಳ ಬೇಕಾಗಿತ್ತು. ಹುಡುಕುವ ತೊಂದರೆಯೂ ಇರಲಿಲ್ಲ, ಸಿದ್ಧವಾಗಿಯೇ ಇದ್ದ. ಆ ಕಳ್ಳ ನನ್ನ ಇನ್ನೊಂದು ಪಕ್ಕದಲ್ಲಿ ತಲೆ ಬಗ್ಗಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಅವನಿಗೂ ಕೇಳಿಸಿತ್ತು.

ಅಷ್ಟರಲ್ಲಿ ಕಾಕಾ ಪಂಕ್ತಿ ವಿಚಾರಿಸುತ್ತಾ ನಮ್ಮ ಮುಂದೆ ಬಂದರು. ಅಣ್ಣನನ್ನು ನೋಡಿ ನಿಂತರು. ನಾಲ್ಕು ಜನಕ್ಕೆ ಕೇಳುವ ಹಾಗೆ, ಬಹಳ ಪ್ರೀತಿಯಿಂದ, ಅವನ ತಲೆಯ ಮೇಲೆ ಕೈ ಇಟ್ಟು ಹೇಳಿದರು.

"ಬಂದೇನೋ ತಮ್ಮಾ? ಛಲೋ ಆತು. ಹಳೇದೆಲ್ಲ ಮರ್ತೀನಿ ನಾ. ನಿನಗ ಮಾಫ್ ಮಾಡೀನಿ, ಹೊಟ್ಟಿ ತುಂಬ ಉಣ್ಣು."

ನನ್ನ ಕೈ ತಾಟಿನ ಅಂಚನ್ನು ಹಿಡಿಯಿತು. ಅದನ್ನು ಎತ್ತಿ ಎಸೆಯುವುದೊಂದೇ ಬಾಕಿ. ಅಣ್ಣ ಮೇಜಿನ ಕೆಳಗೆ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದ.

"ಹೂಂನ್ರಿ ಕಾಕಾ," ಎಂದ, ಮೇಲೆ ನೋಡದೆ. ಕಾಕಾ ಮುಂದಿನ ತಾಟಿಗೆ ಹೋದರು. ಅಣ್ಣ ಎಡಗೈಯಲ್ಲಿ ನನ್ನನ್ನು ಹಾಗೆಯೇ ಹಿಡಿದುಕೊಂಡು, ಬಲಗೈಯಲ್ಲಿ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ.